ಪ್ರತಿಸುಂಕದ ನಂತರವೂ ದೊಡ್ಡ ದೇಶ ಗೆಲ್ಲುತ್ತದೆಯೇ? ಹ್ಯಾರಿ ಜಾನ್ಸನ್ ವಾದದ ಮರುಪರಿಶೀಲನೆ

ಸುಂಕ ಸಮರದಲ್ಲಿ ಎರಡೂ ಕಡೆಯವರು ಸೋಲುತ್ತಾರೆ ಎಂಬುದು ಪಠ್ಯಪುಸ್ತಕಗಳ ಮಾತು. ಹ್ಯಾರಿ ಜಾನ್ಸನ್ 1950ರ ದಶಕದ ಆರಂಭದಲ್ಲೇ ಇದನ್ನು ಪ್ರಶ್ನಿಸಿದ್ದರು. ಎದುರಾಳಿ ಪ್ರತಿಸುಂಕ ಹೇರಿದ ಮೇಲೂ ಒಂದು ದೇಶ ಮುಕ್ತ ವ್ಯಾಪಾರದಲ್ಲಿದ್ದುದಕ್ಕಿಂತ ಉತ್ತಮ ಸ್ಥಿತಿಯಲ್ಲಿ ಉಳಿಯಬಹುದು ಎಂದು ಅವರು ಗಣಿತದ ಮೂಲಕ ತೋರಿಸಿದರು. ಕೆನನ್ ಮತ್ತು ರೀಜ್‌ಮನ್ 1988ರಲ್ಲಿ ಅದೇ ಜಾಡು ಹಿಡಿದು, ಸಾಕಷ್ಟು ದೊಡ್ಡದಾದ ದೇಶ ಸುಂಕ ಸಮರವನ್ನು ಗೆಲ್ಲಬಲ್ಲದು ಎಂದರು. ಜಾನ್ಸನ್ ತರ್ಕದಲ್ಲಿ ದೋಷವಿಲ್ಲ. ಆದರೆ ಆ ತರ್ಕವನ್ನು ನಿಜವಾದ ದೇಶಗಳಿಗೆ ಅನ್ವಯಿಸುವಾಗ ಗಾತ್ರವನ್ನು ಅಳೆಯುವ ಕೋಲು ತಪ್ಪಾಗಿದೆ ಎಂಬುದು ಈ ಲೇಖನದ ವಾದ.

ಒಪ್ಪಿತ ಸಂಗತಿಗಳನ್ನು ಬೇಗ ಮುಗಿಸಬಹುದು. ವಿಶ್ವ ಬೆಲೆಯನ್ನು ಅಲುಗಾಡಿಸುವಷ್ಟು ಖರೀದಿಸುವ ದೇಶವೊಂದು ಆಮದು ಸುಂಕ ಹಾಕಿದರೆ ಬೇಡಿಕೆ ತಗ್ಗುತ್ತದೆ, ಹೊರಗಿನ ಮಾರಾಟಗಾರ ತನ್ನ ಬೆಲೆ ಇಳಿಸುತ್ತಾನೆ, ಸುಂಕದ ಒಂದು ಪಾಲು ಅವನ ಜೇಬಿನಿಂದ ಬರುತ್ತದೆ. ಬಿಕರ್‌ಡೈಕ್ 1906ರಲ್ಲಿ ಇದನ್ನು ಸಿದ್ಧಾಂತದ ರೂಪಕ್ಕೆ ತಂದರು. ಆ ದೇಶಕ್ಕೆ ಅತ್ಯನುಕೂಲವಾದ ಸುಂಕದ ದರವು ಹೊರದೇಶದ ರಫ್ತು ಪೂರೈಕೆಯ ಸ್ಥಿತಿಸ್ಥಾಪಕತ್ವದ ವಿಲೋಮಕ್ಕೆ ಸಮ. ಮಾರಾಟಗಾರನಿಗೆ ಬೇರೆ ದಾರಿ ಕಡಿಮೆಯಿದ್ದಷ್ಟೂ ದರ ಹೆಚ್ಚು. ದೇಶಗಳು ಸರದಿಯಂತೆ ಸುಂಕ ಏರಿಸುತ್ತಾ ಹೋದರೆ ವ್ಯಾಪಾರ ಕುಗ್ಗುತ್ತಲೇ ಸಾಗುತ್ತದೆ ಎಂಬ ಎಚ್ಚರಿಕೆಯನ್ನು 1942ರಲ್ಲಿ ಸಿಟೋವ್‌ಸ್ಕಿ ಕೊಟ್ಟರು. ಜಾನ್ಸನ್ ಉತ್ತರಿಸಿದ್ದು ಈ ಎಚ್ಚರಿಕೆಗೆ.

ವಿವಾದ ಎಲ್ಲಿದೆ ಎಂದು ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ಸಾಕು. ಅ ಎಂಬ ದೇಶ ಆ ಎಂಬ ದೇಶದಿಂದ ಬಟ್ಟೆ ಕೊಳ್ಳುತ್ತದೆ. ಬೆಲೆ ಒಂದು ರೂಪಾಯಿ ಏರಿದರೆ ಅ ಒಂದು ಗಂಟು ಕಡಿಮೆ ಕೊಳ್ಳುತ್ತದೆ, ಒಂದು ರೂಪಾಯಿ ಇಳಿದರೆ ಆ ಒಂದು ಗಂಟು ಕಡಿಮೆ ಮಾರುತ್ತದೆ. ಮುಕ್ತ ವ್ಯಾಪಾರದಲ್ಲಿ ಬೆಲೆ 60 ರೂಪಾಯಿ, ವಹಿವಾಟು 60 ಗಂಟು ಎಂದಿಟ್ಟುಕೊಳ್ಳೋಣ. ಅ ದೇಶ ಗಂಟಿಗೆ 40 ರೂಪಾಯಿ ಸುಂಕ ಹಾಕಿದರೆ ಅದರೊಳಗೆ ಬೆಲೆ 80ಕ್ಕೇರುತ್ತದೆ, ಮಾರಾಟಗಾರನಿಗೆ ಸಿಗುವುದು 40ಕ್ಕಿಳಿಯುತ್ತದೆ, ವಹಿವಾಟು 40 ಗಂಟಿಗೆ ನಿಲ್ಲುತ್ತದೆ. ಖಜಾನೆಗೆ 1600 ರೂಪಾಯಿ ಬಂತು, ಒಳಗಿನ ಖರೀದಿದಾರರು 1000 ಕಳೆದುಕೊಂಡರು, ದೇಶಕ್ಕೆ ಉಳಿದ ಲಾಭ 600. ಈ ಉದಾಹರಣೆಯಲ್ಲಿ ಇದಕ್ಕಿಂತ ಹೆಚ್ಚು ತರುವ ಸುಂಕ ಬೇರೊಂದಿಲ್ಲ. ಇತ್ತ ಆ ದೇಶದ ಮಾರಾಟಗಾರರ ನಷ್ಟ 1000. ಒಬ್ಬರ ಲಾಭಕ್ಕಿಂತ ಇನ್ನೊಬ್ಬರ ನಷ್ಟ 400 ಹೆಚ್ಚು, ಏಕೆಂದರೆ 20 ಗಂಟುಗಳ ವ್ಯಾಪಾರ ನಡೆಯಲೇ ಇಲ್ಲ.

ಈಗ ಆ ದೇಶವೂ ಅಂಥದೇ ಪರಿಸ್ಥಿತಿಯಲ್ಲಿ ಅ ದೇಶದ ಗೋಧಿಯ ಮೇಲೆ ಅಷ್ಟೇ ಸುಂಕ ಹಾಕಲಿ. ಪ್ರತಿಯೊಂದು ದೇಶವೂ ಆಮದಿನಲ್ಲಿ 600 ಗಳಿಸಿ ರಫ್ತಿನಲ್ಲಿ 1000 ಕಳೆದುಕೊಂಡು 400ರ ನಷ್ಟಕ್ಕೆ ಇಳಿಯುತ್ತದೆ. ಹಾಗಿದ್ದೂ ಒಬ್ಬರೇ ಸುಂಕ ತೆಗೆದರೆ ಅವರ ನಷ್ಟ 1000ಕ್ಕೆ ಏರುವುದರಿಂದ ಇಬ್ಬರೂ ಅಲ್ಲೇ ನಿಲ್ಲುತ್ತಾರೆ. ಪಠ್ಯಪುಸ್ತಕದ ಮಾತು ಇಷ್ಟೇ.

ಜಾನ್ಸನ್ ತೋರಿಸಿದ ಅಪವಾದ ಬರಬೇಕಾದರೆ ಸಮತೋಲ ಮುರಿಯಬೇಕು. ಅ ದೇಶದ ಗೋಧಿ ಬೆಳೆಗಾರರು ಬೆಲೆ ಒಂದು ರೂಪಾಯಿ ಇಳಿದ ಕೂಡಲೇ ನಾಲ್ಕು ಮೂಟೆ ಕಡಿಮೆ ಮಾರುವಷ್ಟು ಚುರುಕಾಗಿದ್ದಾರೆ ಎನ್ನೋಣ. ಉಳಿದದ್ದೆಲ್ಲ ಹಾಗೆಯೇ ಇರಲಿ. ಆಗ ಆ ದೇಶಕ್ಕೆ ಅತ್ಯನುಕೂಲ ಸುಂಕ ಬರೀ 12.50 ರೂಪಾಯಿ, ಅದರಿಂದ ಸಿಗುವ ಲಾಭ 75. ಅ ದೇಶದ ಬೆಳೆಗಾರರ ನಷ್ಟ 137.50. ಬಟ್ಟೆಯಲ್ಲಿ ಗಳಿಸಿದ 600ರಲ್ಲಿ ಇದನ್ನು ಕಳೆದರೂ ಅ ದೇಶಕ್ಕೆ 462.50 ರೂಪಾಯಿ ಉಳಿಯುತ್ತದೆ. ಪ್ರತಿಸುಂಕ ಬಿದ್ದ ಮೇಲೂ ಅದು ಗೆದ್ದಿದೆ. ಆ ದೇಶ 925 ರೂಪಾಯಿ ಸೋತಿದೆ.

ಈ ಗೆಲುವನ್ನು ನಿರ್ಧರಿಸಿದ್ದು ಯಾವುದು? ಎರಡು ಲೆಕ್ಕಗಳಲ್ಲೂ ದೇಶದ ಜನಸಂಖ್ಯೆಯ ಪ್ರಸ್ತಾಪವಾಗಲಿ ಒಟ್ಟು ಉತ್ಪನ್ನದ ಪ್ರಸ್ತಾಪವಾಗಲಿ ಇಲ್ಲ. ಮೊದಲ ವಹಿವಾಟಿನ ಪ್ರಮಾಣವೂ ಎರಡರಲ್ಲಿ ಒಂದೇ. ಬದಲಾದದ್ದು ಒಂದು ಸರಕಿನ ಮಾರಾಟಗಾರರಿಗೆ ಪಕ್ಕಕ್ಕೆ ಸರಿಯಲು ಎಷ್ಟು ಜಾಗವಿದೆ ಎಂಬುದು ಮಾತ್ರ. ಕೆನನ್ ಮತ್ತು ರೀಜ್‌ಮನ್ ಅವರ ಮಾದರಿಯಲ್ಲಿರುವುದು ಎರಡೇ ದೇಶ, ಎರಡೇ ಸರಕು. ಅಲ್ಲಿ ಸಂಪನ್ಮೂಲದ ಗಾತ್ರವೂ ಮಾರುಕಟ್ಟೆಯ ಮೇಲಿನ ಹಿಡಿತವೂ ಜೊತೆಜೊತೆಗೇ ಸಾಗುತ್ತವೆ. ಮೂರನೆಯ ದೇಶ ಬಂದ ಕೂಡಲೇ ಈ ಜೋಡಿ ಕಳಚಿಕೊಳ್ಳುತ್ತದೆ.

2018ರ ಸೋಯಾ ಪ್ರಕರಣ ಇದಕ್ಕೆ ಸಾಕ್ಷಿ. ಅಮೆರಿಕದ ಸುಂಕಗಳಿಗೆ ಪ್ರತಿಯಾಗಿ ಚೀನಾ ಜುಲೈನಲ್ಲಿ ಅಮೆರಿಕದ ಸೋಯಾ ಕಾಳಿನ ಮೇಲೆ ಹೆಚ್ಚುವರಿ ಶೇ 25 ಸುಂಕ ಹಾಕಿತು. ಡಾಲರ್ ಲೆಕ್ಕದಲ್ಲಿ ಅಮೆರಿಕದ ಅರ್ಥವ್ಯವಸ್ಥೆ ದೊಡ್ಡದು. ಆದರೆ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬರುವ ಸೋಯಾದ ಅರ್ಧಕ್ಕಿಂತ ಹೆಚ್ಚನ್ನು ಕೊಳ್ಳುತ್ತಿದ್ದುದು ಚೀನಾ, ಮತ್ತು ಅದಕ್ಕೆ ಬ್ರೆಜಿಲ್ ಎಂಬ ಇನ್ನೊಂದು ಅಂಗಡಿ ತೆರೆದೇ ಇತ್ತು. ಕಟಾವಿಗೆ ಬಂದ ಬೆಳೆಗೆ ಬೇರೆ ಗಿರಾಕಿ ಹುಡುಕಲು ಅಮೆರಿಕದ ರೈತನಿಗೆ ಕಾಲಾವಕಾಶವಿರಲಿಲ್ಲ. ಅಮೆರಿಕದಲ್ಲಿ ಬೆಲೆ ಕುಸಿಯಿತು, ಬ್ರೆಜಿಲ್ ಕಾಳಿನ ಬೆಲೆ ಅದಕ್ಕಿಂತ ಮೇಲೆ ಹೋಯಿತು, ವಾಷಿಂಗ್ಟನ್ ರೈತರಿಗೆ 2018ರಲ್ಲಿ 1200 ಕೋಟಿ ಡಾಲರ್‌ವರೆಗಿನ, ಮರುವರ್ಷ 1600 ಕೋಟಿ ಡಾಲರ್‌ವರೆಗಿನ ನೆರವು ಪ್ರಕಟಿಸಬೇಕಾಯಿತು. ಈ ಸರಕಿನ ಮಟ್ಟಿಗೆ ದೊಡ್ಡ ದೇಶವಾಗಿದ್ದದ್ದು ಚೀನಾ.

ಇನ್ನೊಂದು ದಿಕ್ಕಿನ ಲೆಕ್ಕವೂ ಜಾನ್ಸನ್ ಪರವಾಗಿ ಬರಲಿಲ್ಲ. ಸುಂಕ ಬಿದ್ದ ಮೇಲೆ ಚೀನೀ ಮಾರಾಟಗಾರರು ಬೆಲೆ ಇಳಿಸಿದ್ದರೆ ಅಮೆರಿಕದ ಬಂದರಿನಲ್ಲಿ ಸುಂಕಕ್ಕೆ ಮುಂಚಿನ ಆಮದು ಬೆಲೆ ತಗ್ಗಿರಬೇಕಿತ್ತು. ಅಮಿಟಿ, ರೆಡ್ಡಿಂಗ್ ಮತ್ತು ವೈನ್‌ಸ್ಟೀನ್ 2019ರಲ್ಲಿ ಆ ಬೆಲೆಗಳನ್ನು ಹುಡುಕಿದಾಗ ಅವು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಸುಂಕದ ಭಾರ ಬಹುತೇಕ ಪೂರ್ತಿಯಾಗಿ ಅಮೆರಿಕದ ಆಮದುದಾರರ ಮೇಲೇ ಬಿದ್ದಿತ್ತು. ಮೈಸೂರಿನಲ್ಲಿ ಬೆಳೆದ ಗೀತಾ ಗೋಪಿನಾಥ್ ಮತ್ತು ಸಂಗಡಿಗರ ಅಧ್ಯಯನವೂ ಅದನ್ನೇ ಕಂಡಿತು. ಜೊತೆಗೆ, ಪ್ರತಿಸುಂಕಕ್ಕೆ ಗುರಿಯಾದ ಅಮೆರಿಕದ ರಫ್ತುದಾರರು, ಅದರಲ್ಲೂ ಕೃಷಿ ಸರಕಿನವರು, ಬೆಲೆ ಇಳಿಸಿದ್ದನ್ನೂ ಗುರುತಿಸಿತು. ನಮ್ಮ ಲೆಕ್ಕದ ಭಾಷೆಯಲ್ಲಿ, ಅಮೆರಿಕಕ್ಕೆ 600 ಬರಲಿಲ್ಲ, ರಫ್ತಿನ ನಷ್ಟ ಮಾತ್ರ ಬಂತು.

ಇದರಿಂದ ಅತ್ಯನುಕೂಲ ಸುಂಕದ ಸಿದ್ಧಾಂತವೇ ಬಿದ್ದುಹೋಯಿತು ಎನ್ನುವವರಿದ್ದಾರೆ. ಅಷ್ಟು ದೂರ ಹೋಗಲು ನಾನು ಸಿದ್ಧನಿಲ್ಲ. ಮೊದಲನೆಯದಾಗಿ, ಮೇಲಿನ ಬೆಲೆಗಳು ಸುಂಕ ಬಿದ್ದ ಮೊದಲ ತಿಂಗಳುಗಳವು. ಅದೇ ಅಮಿಟಿ ತಂಡ 2020ರಲ್ಲಿ ಮತ್ತೆ ನೋಡಿದಾಗ ಉಕ್ಕಿನಲ್ಲಿ ಹೊರಗಿನ ಮಾರಾಟಗಾರರು ಸುಂಕದ ಸುಮಾರು ಅರ್ಧವನ್ನು ತಾವೇ ಹೊತ್ತಿದ್ದರು. ಸಮಯ ಕೊಟ್ಟರೆ ಬೆಲೆ ಇಳಿಯಬಹುದು ಎಂಬುದಕ್ಕೆ ಇದೊಂದು ಗುರುತು. ಎರಡನೆಯದಾಗಿ, ಈ ಅಧ್ಯಯನಗಳು ಸುಂಕ ಬಿದ್ದ ಸರಕನ್ನು ಬೀಳದ ಸರಕಿನೊಡನೆ ಹೋಲಿಸುತ್ತವೆ. ಸುಂಕದಿಂದ ಯುವಾನ್ ದುರ್ಬಲಗೊಂಡು ಎಲ್ಲ ಚೀನೀ ಸರಕುಗಳೂ ಒಟ್ಟಿಗೆ ಅಗ್ಗವಾಗಿದ್ದರೆ ಆ ಲಾಭ ಇಂಥ ಹೋಲಿಕೆಯ ಕಣ್ಣಿಗೆ ಬೀಳದು. ಮೂರನೆಯದಾಗಿ, ನಷ್ಟದ ಗಾತ್ರವನ್ನು ಉಬ್ಬಿಸಬಾರದು. ಫಾಯ್ಗೆಲ್‌ಬಾಮ್ ಮತ್ತು ಸಂಗಡಿಗರ 2020ರ ಅಂದಾಜಿನಂತೆ ಸುಂಕದ ವರಮಾನವನ್ನೂ ದೇಶೀ ಉತ್ಪಾದಕರ ಗಳಿಕೆಯನ್ನೂ ಸೇರಿಸಿದ ಮೇಲೆ ಅಮೆರಿಕದ ನಿವ್ವಳ ನಷ್ಟ 720 ಕೋಟಿ ಡಾಲರ್, ಅಂದರೆ ಅದರ ಜಿಡಿಪಿಯ ಶೇ 0.04.

ಆದ್ದರಿಂದ ನನ್ನ ವಾದವನ್ನು ಇಷ್ಟಕ್ಕೇ ಮಿತಿಗೊಳಿಸುತ್ತೇನೆ: ಜಾನ್ಸನ್ ಅಪವಾದ ಸಾಧ್ಯ, ಆದರೆ ಅದು ಯಾವ ದೇಶಕ್ಕೆ ಸಲ್ಲುತ್ತದೆ ಎಂಬುದನ್ನು ಜಿಡಿಪಿ ನೋಡಿ ಹೇಳಲಾಗದು. ಎರಡೂ ಕಡೆ ಸುಂಕಕ್ಕೆ ಸಿಕ್ಕ ಸರಕುಗಳ ಸ್ಥಿತಿಸ್ಥಾಪಕತ್ವವನ್ನು ಒಂದೊಂದಾಗಿ ನೋಡಬೇಕು. ಎದುರಾಳಿ ತನ್ನ ಹಿಡಿತ ಬಿಗಿಯಾಗಿರುವ ಸರಕನ್ನೇ ಪ್ರತಿಸುಂಕಕ್ಕೆ ಆರಿಸಿಕೊಳ್ಳುವಷ್ಟು ಜಾಣನಾಗಿದ್ದರೆ ಅಪವಾದದ ಸಾಧ್ಯತೆ ಇನ್ನೂ ಕಿರಿದಾಗುತ್ತದೆ. ವಿನಿಮಯ ದರದ ಮೂಲಕ ಬರಬಹುದಾದ ಲಾಭ ಎಷ್ಟು, ಉಕ್ಕಿನಲ್ಲಿ ಕಂಡ ಬೆಲೆ ಇಳಿಕೆ ಉಳಿದ ಸರಕುಗಳಲ್ಲೂ ಕಾಣುತ್ತದೆಯೇ ಎಂಬ ಎರಡು ಪ್ರಶ್ನೆಗಳು ಈ ಲೇಖನದ ಲೆಕ್ಕದಿಂದ ಹೊರಗುಳಿದಿವೆ.