ಫೋಟೊ ಅಳಿಸದೆ ‘ಇದೇ ದಿನದ ನೆನಪು’ಗಳನ್ನು ಮರೆಮಾಡುವುದು ಹೇಗೆ?

ಫೋನ್ ತೆರೆದ ಕೂಡಲೇ ‘ಕೆಲವು ವರ್ಷಗಳ ಹಿಂದೆ ಇದೇ ದಿನ’ ಎಂದು ಹಳೆಯ ಫೋಟೊ ಕಾಣಿಸಿಕೊಳ್ಳುತ್ತದೆ. ಅದು ಪ್ರವಾಸದ ಚಿತ್ರವಾದರೆ ಖುಷಿ. ತೀರಿಕೊಂಡವರ ಕೊನೆಯ ದಿನಗಳದ್ದೋ ಮುರಿದುಬಿದ್ದ ಮದುವೆಯದ್ದೋ ಆದರೆ ದಿನವಿಡೀ ಮನಸ್ಸು ಕದಡುತ್ತದೆ. ಇದನ್ನು ತಪ್ಪಿಸಲು ಫೋಟೊ ಅಳಿಸುವುದೊಂದೇ ದಾರಿ ಎಂದು ಹಲವರು ನಂಬಿದ್ದಾರೆ. ಇದು ನಿಜವಲ್ಲ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಇರುವ ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಇದಕ್ಕೆ ಏನು ಮಾಡಬಹುದು ಎಂಬುದನ್ನು ಇಲ್ಲಿ ನೋಡೋಣ.

ಇಂಥ ಫೋಟೊಗಳನ್ನೇ ಆ್ಯಪ್ ಏಕೆ ತೋರಿಸುತ್ತದೆ?

ಆ್ಯಪ್ ನೋಡುವುದು ಫೋಟೊದ ದಿನಾಂಕ, ಅದರಲ್ಲಿರುವ ಮುಖ, ಸ್ಥಳ ಮುಂತಾದವನ್ನು. ಆ ದಿನ ನಮಗೆ ಏನಾಗಿತ್ತು ಎಂಬುದು ಅದಕ್ಕೆ ತಿಳಿಯದು. 2014ರ ಡಿಸೆಂಬರ್‌ನಲ್ಲಿ ಅಮೆರಿಕದ ವೆಬ್ ವಿನ್ಯಾಸಕ ಎರಿಕ್ ಮೇಯರ್ ಅವರಿಗೆ ಫೇಸ್‌ಬುಕ್ ‘ನಿಮ್ಮ ವರ್ಷ ಹೀಗಿತ್ತು’ ಎಂದು ತೋರಿಸಿದ್ದು, ಅದೇ ವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದ ಅವರ ಪುಟ್ಟ ಮಗಳ ಫೋಟೊವನ್ನು. ಸುತ್ತಲೂ ಕುಣಿಯುವ ಜನರ ಅಲಂಕಾರಚಿತ್ರ ಬೇರೆ! ಯಾವುದು ನೋವಿನ ದಿನ ಎಂಬುದನ್ನು ನಾವೇ ಆ್ಯಪ್‌ಗೆ ಹೇಳಬೇಕಾಗುತ್ತದೆ.

ಮರೆಮಾಡುವ ಕ್ರಮ

ಆ್ಯಪ್ ತೆರೆದು, ಮೇಲ್ಭಾಗದಲ್ಲಿರುವ ನಿಮ್ಮ ಪ್ರೊಫೈಲ್ ಚಿತ್ರವನ್ನು ಒತ್ತಿ. Photos settings, Preferences, Memories ಎಂದು ಒಂದಾದ ಮೇಲೊಂದರಂತೆ ಹೋಗಿ. ಆವೃತ್ತಿಗೆ ತಕ್ಕಂತೆ ಈ ಹೆಸರುಗಳು ಸ್ವಲ್ಪ ಬದಲಾಗಬಹುದು. ಅಲ್ಲಿ ನಮಗೆ ಬೇಕಾದ ಆಯ್ಕೆಗಳು ಎರಡು.

Hide people & pets ಒತ್ತಿದರೆ ಮುಖಗಳ ಪಟ್ಟಿ ಬರುತ್ತದೆ. ಆರಿಸಿದ ವ್ಯಕ್ತಿಯ ಫೋಟೊಗಳು ನೆನಪುಗಳಲ್ಲಿ ಬರುವುದಿಲ್ಲ. Hide dates ಒತ್ತಿದರೆ ಆರಂಭದ ಮತ್ತು ಕೊನೆಯ ದಿನಾಂಕ ಕೊಟ್ಟು ಒಂದು ಅವಧಿಯನ್ನೇ ಮರೆಮಾಡಬಹುದು. ಎರಡರಲ್ಲೂ ಫೋಟೊಗಳು ಗ್ಯಾಲರಿಯಲ್ಲಿ ತಮ್ಮ ಜಾಗದಲ್ಲೇ ಇರುತ್ತವೆ.

ಯಾವುದನ್ನು ಆರಿಸಬೇಕು?

ಒಂದು ಉದಾಹರಣೆ ನೋಡೋಣ. ಒಬ್ಬರ ತಾಯಿ 2021ರ ಏಪ್ರಿಲ್ 28ರಂದು ಆಸ್ಪತ್ರೆಗೆ ಸೇರಿ, ಮೇ 14ರಂದು ತೀರಿಕೊಂಡರು ಎಂದುಕೊಳ್ಳಿ. ತಾಯಿಯ ಮುಖವನ್ನೇ ಮರೆಮಾಡಿದರೆ ಹಬ್ಬ, ನಾಮಕರಣದಲ್ಲಿ ನಗುತ್ತಿದ್ದ ಚಿತ್ರಗಳೂ ನೆನಪುಗಳಿಂದ ಹೋಗುತ್ತವೆ. ಅಷ್ಟಾದರೂ ಮುಖ ಕಾಣದ ಆಸ್ಪತ್ರೆಯ ಹಾಸಿಗೆ, ಡ್ರಿಪ್ ಹಾಕಿದ ಕೈಯ ಚಿತ್ರ ಮತ್ತೆ ಬರಬಹುದು. ಇಲ್ಲಿ ದಿನಾಂಕವೇ ಸರಿ. ದಿನಾಂಕದ ಜತೆಗೆ ಇಸವಿಯೂ ಇರುವುದರಿಂದ 2019ರ ಮೇ ತಿಂಗಳ ಚಿತ್ರಗಳಿಗೆ ಏನೂ ಆಗದು.

ಆದರೆ ಅವಧಿಯನ್ನು ಮೇ 14ಕ್ಕೇ ಮುಗಿಸಬೇಡಿ. ಸಾವಿನ ನಂತರ ಬಂಧುಗಳು ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಫೋಟೊ, ಶ್ರದ್ಧಾಂಜಲಿ ಚಿತ್ರ ಕಳಿಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದಾಗ ಅದನ್ನು ತೆಗೆದ ದಿನಾಂಕ ಸಾಮಾನ್ಯವಾಗಿ ಉಳಿಯುವುದಿಲ್ಲ. ಹಾಗಾಗಿ ಹತ್ತು ವರ್ಷ ಹಿಂದಿನ ಚಿತ್ರವೂ ನಿಮ್ಮ ಫೋನ್‌ಗೆ ಬಂದ ದಿನದ್ದಾಗಿಯೇ ಕಾಣುತ್ತದೆ. ಫೈಲ್ ಹೆಸರು IMG-20210526-WA0003 ಎಂದಿದ್ದರೆ ಅದು ಮೇ 26ರ ಲೆಕ್ಕಕ್ಕೆ ಸೇರುತ್ತದೆ. ತಿಥಿ ಕಾರ್ಯ ಮುಗಿದು ಇಂಥ ಸಂದೇಶಗಳು ನಿಂತ ದಿನದವರೆಗೂ, ಅಂದರೆ ಮೇ ಕೊನೆಯವರೆಗೂ ಅವಧಿ ಕೊಡುವುದು ಒಳ್ಳೆಯದು.

ವಿಚ್ಛೇದನ ಅಥವಾ ಮುರಿದ ಸಂಬಂಧದಲ್ಲಿ ಇದು ತಿರುವುಮುರುವು. ಆ ವ್ಯಕ್ತಿ ಹಲವು ವರ್ಷಗಳ ಚಿತ್ರಗಳಲ್ಲಿ ಇರುವುದರಿಂದ ಮುಖವನ್ನು ಮರೆಮಾಡುವುದೇ ಸೂಕ್ತ. ಮುಖಗಳ ಪಟ್ಟಿ ಕಾಣಬೇಕಾದರೆ ಮುಖಗಳನ್ನು ಗುಂಪು ಮಾಡುವ ಸೌಲಭ್ಯ ಚಾಲೂ ಇರಬೇಕು. ಒಬ್ಬರದೇ ಮುಖ ಗಡ್ಡ, ಕನ್ನಡಕದಿಂದಾಗಿ ಎರಡು ಗುಂಪಾಗಿದ್ದರೆ ಎರಡನ್ನೂ ಆರಿಸಬೇಕು. ಇಲ್ಲವಾದರೆ ಉಳಿದ ಗುಂಪಿನ ಫೋಟೊಗಳು ಬರುತ್ತಲೇ ಇರುತ್ತವೆ.

ಮರೆಮಾಡಿದರೂ ಮತ್ತೆ ಬರುತ್ತಿದೆಯೇ?

ಸೂಚನೆ ಯಾವ ಆ್ಯಪ್‌ನಿಂದ ಬಂತು ಎಂದು ಮೊದಲು ನೋಡಿ. ಗೂಗಲ್ ಫೋಟೋಸ್‌ನಲ್ಲಿ ಮಾಡಿದ ಬದಲಾವಣೆ ಫೇಸ್‌ಬುಕ್‌ಗಾಗಲಿ ಫೋನ್ ಕಂಪನಿಯ ಗ್ಯಾಲರಿ ಆ್ಯಪ್‌ಗಾಗಲಿ ಅನ್ವಯಿಸದು. ಫೇಸ್‌ಬುಕ್‌ನ Memories ಪುಟದ ಸೆಟ್ಟಿಂಗ್ಸ್‌ನಲ್ಲೂ ವ್ಯಕ್ತಿ, ದಿನಾಂಕ ಮರೆಮಾಡುವ ಪ್ರತ್ಯೇಕ ಆಯ್ಕೆಗಳಿವೆ. ಇನ್ನು, ಸೂಚನೆಗಳನ್ನಷ್ಟೇ ಆಫ್ ಮಾಡಿದರೆ ಸದ್ದು ನಿಲ್ಲುತ್ತದೆ. ಆ್ಯಪ್ ತೆರೆದಾಗ ಮೇಲ್ಭಾಗದಲ್ಲಿ ನೆನಪುಗಳು ಕಾಣುತ್ತಲೇ ಇರುತ್ತವೆ.

ಅಳಿಸಿದರೆ ಏನಾಗುತ್ತದೆ?

ಬ್ಯಾಕಪ್ ಆದ ಫೋಟೊವನ್ನು ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಫೋನ್‌ನಲ್ಲಿರುವ ಪ್ರತಿಯೂ ಹೋಗುತ್ತದೆ. ಅದು ಕಸದ ಬುಟ್ಟಿಯಲ್ಲಿ 60 ದಿನ ಇದ್ದು, ನಂತರ ಶಾಶ್ವತವಾಗಿ ಅಳಿಯುತ್ತದೆ. ದುಃಖದ ಮೊದಲ ದಿನಗಳಲ್ಲಿ ಅಳಿಸಿದವರಿಗೆ ವರ್ಷದ ನಂತರ ಅದೇ ಫೋಟೊ ಬೇಕೆನಿಸಿದರೆ ಮರಳಿ ಪಡೆಯಲಾಗದು. ಮರೆಮಾಡಿದ್ದನ್ನಾದರೆ ಅದೇ ಪಟ್ಟಿಗೆ ಹೋಗಿ ಯಾವಾಗ ಬೇಕಾದರೂ ತೆಗೆದುಹಾಕಬಹುದು.