ಸಕ್ಕರೆ ಕಾಯಿಲೆ ಪಟ್ಟಿಯಲ್ಲಿಲ್ಲ

ಕೆಲವು ತಿಂಗಳ ಹಿಂದೆ ಔಷಧಿ ಮಾರುವ ಒಂದು ಆಪ್‌ಗೆ ಕೋಡ್ ಬರೆಯುತ್ತಿದ್ದೆ. ಜಾಹೀರಾತು ನೋಡಿಕೊಳ್ಳುವವರಿಂದ ಒಂದು ಟಿಕೆಟ್ ಬಂತು. ಗ್ರಾಹಕ ಇನ್ಸುಲಿನ್ ಮತ್ತೆ ತರಿಸಿಕೊಂಡಾಗ `insulin_reorder` ಅನ್ನುವ ಈವೆಂಟ್ ಫೇಸ್‌ಬುಕ್ಕಿಗೆ ಹೋಗಬೇಕಂತೆ. "ಕಾಯಿಲೆ ನೋಡಿ ಜಾಹೀರಾತು ತೋರಿಸೋಕೆ ಅವರು ಬಿಡಲ್ವಲ್ಲ ಸಾರ್" ಅಂದೆ. "ಸಕ್ಕರೆ ಕಾಯಿಲೆ ಅವರ ಪಟ್ಟೀಲಿ ಇಲ್ಲ, ಅಷ್ಟೇ. ಇದು ನಮ್ಮ ಪಟ್ಟಿ" ಅಂದರು. ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಆ ಪಟ್ಟಿಯ ಹಳೇ ಕಥೆಯನ್ನೆಲ್ಲ ಓದುತ್ತ ಕೂತೆ.

ಕಥೆ ಶುರುವಾಗುವುದು ಅಮೆರಿಕದಲ್ಲಿ, ಬಾಡಿಗೆ ಮನೆಯಿಂದ. ಮನೆ ಕೊಡುವಾಗ ಜನಾಂಗ, ಧರ್ಮ ನೋಡಬಾರದೆಂಬ ಕಾನೂನು ಅಲ್ಲಿ 1968ರಿಂದಲೇ ಇದೆ. 2016ರ ಅಕ್ಟೋಬರಿನಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ಪತ್ರಕರ್ತರು ಫೇಸ್‌ಬುಕ್ಕಿನಲ್ಲಿ ವಸತಿ ವಿಭಾಗದಡಿ ಒಂದು ಜಾಹೀರಾತು ಕೊಂಡರು. ಕರಿಯರು, ಏಷ್ಯಾ ಮೂಲದವರು, ಹಿಸ್ಪಾನಿಕ್ ಜನ ಇದನ್ನು ನೋಡುವುದು ಬೇಡ ಎಂದು ಆಯ್ಕೆ ಮಾಡಿದರು. ಹದಿನೈದು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು!

ಫೇಸ್‌ಬುಕ್ ಅದನ್ನು 'ಜನಾಂಗ' ಅಂತ ಕರೆದಿರಲಿಲ್ಲ, 'ಜನಾಂಗೀಯ ಒಲವು' ಅಂತ ಕರೆದಿತ್ತು. ನೀವು ಯಾರು ಅಂತ ಯಂತ್ರಕ್ಕೆ ಗೊತ್ತಿಲ್ಲ, ಯಾವ ಪುಟ ಲೈಕ್ ಮಾಡಿದಿರಿ, ಏನನ್ನು ಒತ್ತಿದಿರಿ ಅನ್ನುವುದಷ್ಟೇ ಗೊತ್ತು ಎಂಬುದು ಅದರ ವಾದ. ಎಂಜಿನಿಯರ್ ಆಗಿ ನನಗೆ ಈ ವಾದ ಅರ್ಥವಾಗುತ್ತದೆ. ಆದರೆ ಮನೆ ಹುಡುಕುವವನಿಗೆ ಇದರಿಂದ ಏನು ಬಂತು? ಅವನ ಕಣ್ಣಿಗೆ ಆ ಜಾಹೀರಾತು ಬೀಳಲೇ ಇಲ್ಲ.

2017ರ ಫೆಬ್ರವರಿಯಲ್ಲಿ, ಇಂಥ ಜಾಹೀರಾತು ಹಿಡಿಯುವ ವ್ಯವಸ್ಥೆ ಮಾಡಿದ್ದೇವೆ ಎಂದು ಕಂಪನಿ ಹೇಳಿತು. ಅದೇ ನವೆಂಬರಿನಲ್ಲಿ ಅದೇ ಸುದ್ದಿಸಂಸ್ಥೆ ಮತ್ತೆ ಪರೀಕ್ಷೆ ಮಾಡಿತು. ಈ ಸಲ ಬಿಟ್ಟವರಲ್ಲಿ ಯಹೂದಿಗಳಿದ್ದರು, 'ಗಾಲಿಕುರ್ಚಿಯ ಇಳಿಜಾರಿನಲ್ಲಿ ಆಸಕ್ತಿ' ಇರುವವರೂ ಇದ್ದರು. ಮತ್ತೆ ನಿಮಿಷಗಳಲ್ಲೇ ಒಪ್ಪಿಗೆ. ನನ್ನನ್ನು ತಡೆದು ನಿಲ್ಲಿಸಿದ್ದು ಈ ಇಳಿಜಾರು. ಅಂಗವೈಕಲ್ಯ ಎಂಬ ಪದ ಎಲ್ಲೂ ಇಲ್ಲ, ಆದರೂ ಅದೇ ಜನ ಹೊರಗೆ. ಪದ ಹಿಡಿದು ತಡೆಯುವ ಜರಡಿಯಲ್ಲಿ ಇದು ಸಿಗುವುದಾದರೂ ಹೇಗೆ?

ಮುಂದೆ ಕೇಸುಗಳಾದವು. 2019ರ ಮಾರ್ಚಿನ ರಾಜಿಯಲ್ಲಿ ವಸತಿ, ಉದ್ಯೋಗ, ಸಾಲದ ಜಾಹೀರಾತುಗಳಿಗೆ ವಯಸ್ಸು, ಲಿಂಗ, ಪಿನ್‌ಕೋಡ್ ಆಯ್ಕೆಗಳನ್ನೇ ತೆಗೆದರು. ಉಳಿದ ಜಾಹೀರಾತುಗಳ ಸರದಿ ಬಂದದ್ದು 2022ರ ಜನವರಿ 19ರಂದು. ಆಗ ಮೆಟಾ ಆಗಿದ್ದ ಕಂಪನಿ ಆರೋಗ್ಯ, ಧರ್ಮ, ಜನಾಂಗ, ರಾಜಕೀಯ, ಲೈಂಗಿಕತೆಗೆ ಸಂಬಂಧಿಸಿದ ಸಾವಿರಾರು ಆಸಕ್ತಿಗಳನ್ನು ಪಟ್ಟಿಯಿಂದ ತೆಗೆಯಲು ಶುರು ಮಾಡಿತು. ಕೀಮೋಥೆರಪಿ, ವಿಶ್ವ ಮಧುಮೇಹ ದಿನ, ಕ್ಯಾಥೊಲಿಕ್ ಚರ್ಚ್, ಯಹೂದಿ ಹಬ್ಬಗಳು ಎಲ್ಲ ಹೋದವು. ನಮ್ಮ ಸಾಹೇಬರು ಹೇಳಿದ 'ಪಟ್ಟಿಯಲ್ಲಿ ಇಲ್ಲ' ಅಂದರೆ ಇದೇ.

ಹೋಗದೆ ಉಳಿದದ್ದು ಇನ್ನೊಂದು ಬಾಗಿಲು. ಜಾಹೀರಾತುದಾರ ತನ್ನ ಗ್ರಾಹಕರ ಇಮೇಲ್, ಫೋನ್ ನಂಬರುಗಳನ್ನು SHA-256 ಹ್ಯಾಶ್ ಮಾಡಿ ಕಳಿಸಬಹುದು. ಫೇಸ್‌ಬುಕ್ ತನ್ನ ಬಳಕೆದಾರರ ಹ್ಯಾಶ್ ಜೊತೆ ತಾಳೆ ನೋಡಿ, ಹೊಂದಿದವರಿಗೆ ಜಾಹೀರಾತು ತೋರಿಸುತ್ತದೆ. ಹ್ಯಾಶ್‌ನಿಂದ ಹೆಸರು ಮುಚ್ಚುತ್ತದೆ, ನಿಜ. ಆದರೆ ಇವರೆಲ್ಲ ಈ ಪಟ್ಟಿಯಲ್ಲಿ ಯಾಕಿದ್ದಾರೆ ಅನ್ನುವುದು ಪಟ್ಟಿ ಮಾಡಿದವನಿಗೆ ಗೊತ್ತೇ ಇರುತ್ತದಲ್ಲ!

ಅಮೆರಿಕದಲ್ಲಿ ಔಷಧಿಗೆ ರಿಯಾಯಿತಿ ಕೂಪನ್ ಕೊಡುವ ಗುಡ್‌ಆರ್‌ಎಕ್ಸ್ ಮಾಡಿದ್ದು ಇದನ್ನೇ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರವರಿಯಲ್ಲಿ ಆರೋಪಿಸಿತು. 2019ರ ಆಗಸ್ಟಿನಲ್ಲಿ ಕಂಪನಿ ಹೃದ್ರೋಗ, ರಕ್ತದೊತ್ತಡದಂಥ ಔಷಧಿ ಕೊಂಡವರ ಪಟ್ಟಿ ಮಾಡಿ, ಅವರ ಇಮೇಲ್, ಫೋನ್ ನಂಬರುಗಳನ್ನು ಫೇಸ್‌ಬುಕ್ಕಿಗೆ ಏರಿಸಿ, ಅವರಿಗೇ ಆರೋಗ್ಯದ ಜಾಹೀರಾತು ತೋರಿಸಿತ್ತಂತೆ. ಆರೋಗ್ಯದ ಮಾಹಿತಿ ಜಾಹೀರಾತುದಾರರಿಗೆ ಕೊಡುವುದಿಲ್ಲ ಎಂದು ಬಳಕೆದಾರರಿಗೆ ಮಾತು ಕೊಟ್ಟೂ ಆಗಿತ್ತು. ತಪ್ಪೊಪ್ಪದೆ 15 ಲಕ್ಷ ಡಾಲರ್ ದಂಡಕ್ಕೆ ರಾಜಿಯಾಯಿತು. ಗಮನಿಸಿ, ಇಲ್ಲಿ 'ಹೃದ್ರೋಗ' ಎಂಬ ಆಯ್ಕೆಯನ್ನು ಯಾರೂ ಒತ್ತಬೇಕಾಗಿರಲಿಲ್ಲ. 2022ಕ್ಕೆ ಮೊದಲೇ ಆ ಆಯ್ಕೆಗಳನ್ನೆಲ್ಲ ತೆಗೆದಿದ್ದರೂ ಈ ಪಟ್ಟಿಗೆ ಏನೂ ಆಗುತ್ತಿರಲಿಲ್ಲ.

ಆರೋಗ್ಯದ ಮಾಹಿತಿ ಕಳಿಸಬೇಡಿ ಅನ್ನುವ ನಿಯಮ ಮೆಟಾದಲ್ಲಿದೆ. ಬಂದ ಈವೆಂಟ್‌ಗಳಲ್ಲಿ ಅಂಥದ್ದನ್ನು ಹುಡುಕಿ ತೆಗೆಯುವ ಜರಡಿಯೂ ಇದೆ. ಆದರೆ `insulin_reorder` ಬದಲು `event_17` ಅಂತ ಹೆಸರಿಟ್ಟರೆ ಜರಡಿಗೆ ಏನು ಕಾಣಬೇಕು? ಅದು ಮತ್ತೆ ಗಾಲಿಕುರ್ಚಿಯ ಇಳಿಜಾರಿನ ಕಥೆಯೇ.

ಮಾರನೇ ದಿನ ಟಿಕೆಟ್ಟಿನಲ್ಲಿ ಗುಡ್‌ಆರ್‌ಎಕ್ಸ್ ಕಥೆಯನ್ನು ನಾಲ್ಕು ಸಾಲಲ್ಲಿ ಬರೆದು, ಈ ಈವೆಂಟ್ ನಾನು ಹಾಕಲ್ಲ ಅಂದೆ. ಮಧ್ಯಾಹ್ನ ಉತ್ತರ ಬಂತು: "ಹೆಸರು ಬದಲಾಯಿಸಿದರೆ ಆಗುತ್ತಾ?" ಆಗಲ್ಲ ಅಂತ ಬರೆದಿದ್ದೇನೆ. ಟಿಕೆಟ್ ಇನ್ನೂ ತೆರೆದೇ ಇದೆ :)