ಹೋಗುವಾಗ 23 ದಿನ, ಮರಳುವಾಗ ಮೂರು ತಿಂಗಳು

ನಮ್ಮ ಸಭೆ ಸಮಾರಂಭಗಳಲ್ಲಿ ಒಂದು ಮಾತನ್ನು ಆಗಾಗ ಕೇಳುತ್ತೇವೆ: ವಾಸ್ಕೋ ಡ ಗಾಮನಿಗೆ ಭಾರತದ ದಾರಿ ತೋರಿಸಿದವರು ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್. ಕೆಲವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ವಿಷಾದದಿಂದ. ಆದರೆ ಗಾಮ ದಾಟಿದ ಆ ಸಮುದ್ರದ ಕಥೆಯನ್ನು ಗಮನವಿಟ್ಟು ಓದಿದರೆ ದಾರಿ ತೋರಿಸಿದವರ ಹೆಸರಿಗಿಂತ ದೊಡ್ಡ ವಿಷಯವೊಂದು ಕಾಣುತ್ತದೆ. ಅದೇ ಮನುಷ್ಯ, ಅದೇ ಹಡಗುಗಳಲ್ಲಿ, ಅದೇ ಸಮುದ್ರವನ್ನು ಎರಡು ಸಲ ದಾಟಿದ. ಬರುವಾಗ 23 ದಿನ ಹಿಡಿಯಿತು. ಮರಳುವಾಗ ಮೂರು ತಿಂಗಳು ಹಿಡಿಯಿತು. ಸುಮಾರು 30 ಜನ ದಾರಿಯಲ್ಲೇ ಸತ್ತರು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ನಮ್ಮ ಹಿರಿಯ ನಾವಿಕರ ವಿದ್ಯೆ ಏನಾಗಿತ್ತು ಎಂಬುದೂ ತಿಳಿಯುತ್ತದೆ.

ಹಿಂದೂ ಮಹಾಸಾಗರದ ಹಾಯಿಹಡಗುಗಳಲ್ಲಿ, ಅಂದರೆ ಅರಬರ ದೌಗಳಲ್ಲೂ ನಮ್ಮ ಕರಾವಳಿಯ ಮಂಜಿ, ಪತ್ತೆಮಾರಿಗಳಂಥ ಹಡಗುಗಳಲ್ಲೂ, ಮುಖ್ಯವಾದ ಪ್ರಶ್ನೆ ಎರಡೇ. ಯಾವಾಗ ಹೊರಡಬೇಕು? ನಡುಸಮುದ್ರದಲ್ಲಿ ಎಲ್ಲಿದ್ದೇವೆ? ಮೊದಲನೆಯದಕ್ಕೆ ಗಾಳಿ ಉತ್ತರ ಕೊಡುತ್ತಿತ್ತು, ಎರಡನೆಯದಕ್ಕೆ ನಕ್ಷತ್ರ. ಈ ಎರಡನ್ನೂ ಬಲ್ಲವನನ್ನು ‘ಮುಅಲ್ಲಿಮ್’ ಎನ್ನುತ್ತಿದ್ದರು. ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವವರಿಗೆ ನಾವು ಬಳಸುವ ಅದೇ ಪದ.

ಮೊದಲು ಗಾಳಿಯ ವಿಷಯ. ಮಳೆಗಾಲಕ್ಕೆ ‘ಮಾನ್ಸೂನ್’ ಎಂಬ ಹೆಸರು ಬಂದದ್ದು ಅರಬಿಯ ‘ಮೌಸಿಮ್’ ಪದದಿಂದ. ಮೌಸಿಮ್ ಎಂದರೆ ಗೊತ್ತುಪಡಿಸಿದ ಕಾಲ. ಹಜ್ಜ್ ಕಾಲಕ್ಕೂ ಅದೇ ಪದವಿದೆ. ನಾವಿಕರಿಗೆ ಅದು ಒಂದು ಬಂದರಿನಿಂದ ಇನ್ನೊಂದಕ್ಕೆ ಹೊರಡಬಹುದಾದ ದಿನಗಳ ಅವಧಿ. ನೈರುತ್ಯದಿಂದ ಬೀಸುವ ಗಾಳಿಯನ್ನು ಅವರು ‘ಕೌಸ್’ ಎಂದರು, ಈಶಾನ್ಯದಿಂದ ಬೀಸುವುದನ್ನು ‘ಅಝ್ಯಬ್’ ಎಂದರು. ಆಫ್ರಿಕಾದಿಂದ ಭಾರತಕ್ಕೆ ಬರಲು ಕೌಸ್ ಬೇಕು. ಆದರೆ ಅದು ಪೂರ್ತಿ ಬಲಗೊಂಡ ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಗೆ ಹಡಗು ತರುವುದು ಸಾವನ್ನು ಕರೆದಂತೆ. ಆದ್ದರಿಂದ ಕೌಸ್ ಆರಂಭವಾಗುವ ಏಪ್ರಿಲ್, ಮೇ ತಿಂಗಳಲ್ಲಿ ಅಥವಾ ಅದು ಇಳಿಯುವ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ದಾಟಬೇಕು. ಮರಳಿ ಆಫ್ರಿಕಾ, ಅರೇಬಿಯಾ ಕಡೆಗೆ ಹೋಗುವವರು ಅಝ್ಯಬ್ ನೆಲೆಗೊಳ್ಳುವವರೆಗೆ, ಅಂದರೆ ನವೆಂಬರ್ ಬರುವವರೆಗೆ ಕಾಯಬೇಕು.

ಇಲ್ಲಿ ಒಂದು ತೊಡಕಿತ್ತು. ನಮ್ಮ ಹಿಜರಿ ವರ್ಷ ಚಂದ್ರನ ಲೆಕ್ಕದ್ದು. ಸೌರ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ರಮಝಾನ್ ಒಮ್ಮೆ ಬೇಸಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಗಾಳಿಯಾದರೋ ಸೂರ್ಯನ ಲೆಕ್ಕದಲ್ಲಿ ನಡೆಯುತ್ತದೆ. “ಶಅಬಾನಿನಲ್ಲಿ ಹೊರಡಿ” ಎಂದು ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಆ ಮಾತು ಹಡಗನ್ನು ಮುಳುಗಿಸುತ್ತದೆ. ಆದ್ದರಿಂದ ಮುಸ್ಲಿಂ ನಾವಿಕರು ಇಬಾದತ್‌ಗೆ ಹಿಜರಿಯನ್ನು ಇಟ್ಟುಕೊಂಡು, ಸಮುದ್ರಕ್ಕೆ ‘ನೈರೂಝ್’ ಎಂಬ ಹೊಸವರ್ಷದ ದಿನದಿಂದ ದಿನಗಳನ್ನು ಎಣಿಸಿದರು. ನೈರೂಝಿನ ಇಂತಿಷ್ಟನೆಯ ದಿನ ಇಂತಹ ಬಂದರಿನಿಂದ ಹೊರಡಬಹುದು ಎಂಬ ರೀತಿಯಲ್ಲಿ ಮೌಸಿಮ್‌ಗಳನ್ನು ಗ್ರಂಥಗಳಲ್ಲಿ ಬರೆದಿಟ್ಟರು. ಇಬ್ನ್ ಮಾಜಿದರ ‘ಕಿತಾಬುಲ್ ಫವಾಯಿದ್’ ಅಂತಹ ಗ್ರಂಥ, ಸುಮಾರು 1490ರದ್ದು. ಅವರ ಊರು ಜುಲ್ಫಾರ್, ಇಂದಿನ ರಾಸ್ ಅಲ್ ಖೈಮಾ.

ಈಗ ಗಾಮನ ಪ್ರಯಾಣಕ್ಕೆ ಬರೋಣ. ಅವನ ಹಡಗುಗಳು ಪೋರ್ಚುಗೀಸರವು. ಆದರೆ ಪೂರ್ವ ಆಫ್ರಿಕಾದ ಮಲಿಂದಿಯಿಂದ ಮುಂದಕ್ಕೆ ದಾರಿ ನೋಡಿದವನು ದೌಗಳ ವಿದ್ಯೆಯಲ್ಲಿ ಪಳಗಿದ ಮುಅಲ್ಲಿಮ್. ಮಲಿಂದಿಯ ಅರಸನಿಂದ ಅವನನ್ನು ಪಡೆದು ಗಾಮ ಹೊರಟದ್ದು 1498ರ ಏಪ್ರಿಲ್ 24ರಂದು. ಇಂದಿನ ಕ್ಯಾಲೆಂಡರಿನಲ್ಲಿ ಅದು ಮೇ 3. ಕೌಸ್ ಆಗತಾನೆ ಏಳುತ್ತಿದ್ದ ಸಮಯ. ಮಲಿಂದಿಯಿಂದ ಕಲ್ಲಿಕೋಟೆಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ಪೂರ್ವದಿಂದ ಉತ್ತರಕ್ಕೆ ಇಪ್ಪತ್ತೆರಡೂವರೆ ಡಿಗ್ರಿ ವಾಲಿರುತ್ತದೆ. ಅರಬ್ ನಾವಿಕರು ದಿಗಂತವನ್ನು 32 ಭಾಗ ಮಾಡಿ, ಪ್ರತಿ ಭಾಗಕ್ಕೂ ಅಲ್ಲಿ ಹುಟ್ಟುವ ಅಥವಾ ಮುಳುಗುವ ನಕ್ಷತ್ರದ ಹೆಸರಿಟ್ಟಿದ್ದರು. ಈ ದಿಕ್ಕಿನ ಹೆಸರು ‘ಸಿಮಾಕ್ ಹುಟ್ಟುವ ದಿಕ್ಕು’. ಸಿಮಾಕ್ ಎಂದರೆ ನಮ್ಮವರ ಸ್ವಾತಿ ನಕ್ಷತ್ರ. ಹಗಲಲ್ಲೂ ಮೋಡ ಕವಿದಾಗಲೂ ದಿಕ್ಕು ನೋಡಲು ಸೂಜಿಗಲ್ಲಿನ ಪೆಟ್ಟಿಗೆ ಅವರ ಬಳಿ ಇತ್ತು. ಅದರ ಮೇಲಿನ ದಿಕ್ಕುಗಳಿಗೂ ಇವೇ ಹೆಸರುಗಳು.

ದಿಕ್ಕು ಗೊತ್ತಾದರೆ ಸಾಲದು, ಎಷ್ಟು ಬಂದಿದ್ದೇವೆ ಎಂದೂ ತಿಳಿಯಬೇಕು. ಮಲಿಂದಿ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಅಲ್ಲಿ ಧ್ರುವ ನಕ್ಷತ್ರ ಲೆಕ್ಕಕ್ಕೆ ಸಿಗದು. ಹೊರಟ ಐದನೆಯ ದಿನ, ಭಾನುವಾರ, ಬಹುಕಾಲದ ಮೇಲೆ ಧ್ರುವ ನಕ್ಷತ್ರ ಮತ್ತೆ ಕಂಡಿತು ಎಂದು ಹಡಗಿನಲ್ಲಿದ್ದವನೊಬ್ಬನ ದಿನಚರಿ ಹೇಳುತ್ತದೆ. ಅರಬರು ಇದನ್ನು ‘ಜಾಹ್’ ಎನ್ನುತ್ತಿದ್ದರು. ಉತ್ತರಕ್ಕೆ ಹೋದಷ್ಟೂ ಜಾಹ್ ಮೇಲೇರುತ್ತದೆ. ಆ ಎತ್ತರವನ್ನು ಬೆರಳುಗಳಲ್ಲಿ, ಅಂದರೆ ‘ಇಸ್ಬಅ್’ಗಳಲ್ಲಿ ಅಳೆಯುತ್ತಿದ್ದರು. ಆಕಾಶದ ಪೂರ್ಣ ವೃತ್ತಕ್ಕೆ 224 ಬೆರಳು. ಒಂದು ಬೆರಳಿಗೆ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು.

ಅಳೆಯುವ ಸಾಧನ ಬಹಳ ಸರಳ: ಚಿಕ್ಕದೊಂದು ಮರದ ಹಲಗೆ, ಅದರ ನಡುವೆ ತೂರಿಸಿದ ದಾರ, ದಾರದಲ್ಲಿ ಗಂಟುಗಳು. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಮುಂದೆ ಚಾಚಿ ಹಿಡಿಯಬೇಕು. ಹಲಗೆಯ ಕೆಳ ಅಂಚು ದಿಗಂತಕ್ಕೆ ತಾಗಿ, ಮೇಲಂಚು ನಕ್ಷತ್ರವನ್ನು ಮುಟ್ಟಿದರೆ ಆ ಗಂಟು ಹೇಳುವಷ್ಟು ಬೆರಳು ಎತ್ತರ. ಇದಕ್ಕೆ ‘ಕಮಾಲ್’ ಎಂಬ ಹೆಸರಿದೆ. ಪೋರ್ಚುಗೀಸ್ ಇತಿಹಾಸಕಾರ ಬರೋಸ್ ಬರೆದಂತೆ, ಗಾಮ ತನ್ನ ದೊಡ್ಡ ಮರದ ಆಸ್ಟ್ರೋಲೇಬನ್ನು ಈ ಮುಅಲ್ಲಿಮನಿಗೆ ತೋರಿಸಿದಾಗ ಅವನು ಅಚ್ಚರಿಪಡಲಿಲ್ಲ. ತಮ್ಮವರು ಬಳಸುವುದು ಬೇರೆಯದು ಎಂದು ಹಲಗೆಗಳ ಸಾಧನವನ್ನು ತೋರಿಸಿದ.

ಆದರೆ ಹಲಗೆ ಸರಳವಾದರೂ ಅಳತೆ ಸರಳವಲ್ಲ. ಆ ಕಾಲದಲ್ಲಿ ಜಾಹ್ ನಿಜವಾದ ಧ್ರುವಬಿಂದುವಿನಿಂದ ಸುಮಾರು ಮೂರೂವರೆ ಡಿಗ್ರಿ ದೂರವಿತ್ತು (ಇಂದು ಒಂದು ಡಿಗ್ರಿಗಿಂತ ಕಡಿಮೆ). ಹಾಗಾಗಿ ಅದು ರಾತ್ರಿಯಿಡೀ ಸಣ್ಣ ವೃತ್ತದಲ್ಲಿ ಸುತ್ತುತ್ತಿತ್ತು. ಅತಿ ಮೇಲಿದ್ದಾಗ ಅಳೆದವನಿಗೂ ಅತಿ ಕೆಳಗಿದ್ದಾಗ ಅಳೆದವನಿಗೂ ನಾಲ್ಕು ಬೆರಳಿಗಿಂತ ಹೆಚ್ಚು ವ್ಯತ್ಯಾಸ. ಸಮುದ್ರದ ಮೇಲೆ ಅದು ಏಳುನೂರು ಕಿಲೋಮೀಟರಿಗೂ ಮಿಕ್ಕಿದ್ದು. ಆದ್ದರಿಂದ ಜಾಹ್ ಅತಿ ಕೆಳಗೆ ಬಂದ ಹೊತ್ತಿನ ಅಳತೆಯನ್ನೇ ಪ್ರಮಾಣವಾಗಿಟ್ಟುಕೊಂಡರು. ಆ ಹೊತ್ತನ್ನು ಚಂದ್ರನ 28 ಮಂಝಿಲ್‌ಗಳ ನಕ್ಷತ್ರಗಳಲ್ಲಿ ಯಾವುದು ಮೇಲೇರಿದೆ ಎಂದು ನೋಡಿ ತಿಳಿಯುತ್ತಿದ್ದರು. ಕಲ್ಲಿಕೋಟೆ ಇರುವುದು ಹನ್ನೊಂದೂಕಾಲು ಡಿಗ್ರಿ ಅಕ್ಷಾಂಶದಲ್ಲಿ. ಅದರಿಂದ ಮೂರೂವರೆ ಕಳೆದರೆ ಏಳೂಮುಕ್ಕಾಲು ಡಿಗ್ರಿ, ಅಂದರೆ ಐದು ಬೆರಳಿಗೆ ತುಸು ಕಡಿಮೆ. ಜಾಹ್ ಆ ಎತ್ತರಕ್ಕೆ ಬಂತೆಂದರೆ ಹಡಗು ಕಲ್ಲಿಕೋಟೆಯ ಸಾಲಿಗೆ ಬಂದಂತೆ. ಆಮೇಲೆ ನೇರ ಪೂರ್ವಕ್ಕೆ ಹೋದರೆ ದಡ ಸಿಗಲೇಬೇಕು.

ಆದರೆ ಆ ಸಾಲಿನಲ್ಲಿ ದಡಕ್ಕೆ ಮುಂಚೆ ಲಕ್ಷದ್ವೀಪವಿದೆ. ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುವ ಹವಳದ ದಿಬ್ಬಗಳವು, ರಾತ್ರಿ ಕಾಣವು. ಪೂರ್ವ ಪಶ್ಚಿಮವಾಗಿ ಎಷ್ಟು ದೂರ ಬಂದೆವು ಎಂದು ನಕ್ಷತ್ರದ ಎತ್ತರ ಹೇಳುವುದಿಲ್ಲ. ಅದನ್ನು ಹಡಗಿನ ವೇಗದಿಂದ, ಮೂರು ಗಂಟೆಗೊಂದು ‘ಝಾಮ್’ ಎಂಬ ಲೆಕ್ಕದಲ್ಲಿ ಅಂದಾಜು ಮಾಡಬೇಕು. ಈ ವಿದ್ಯೆಯ ದೊಡ್ಡ ಮಿತಿ ಇದು. ಆದ್ದರಿಂದ ದಡದ ಹತ್ತಿರ ಬಂದಾಗ ಬೇರೆ ಗುರುತುಗಳು ಬೇಕು: ನೀರಿನ ಬಣ್ಣ, ಹಕ್ಕಿಗಳು, ಭಾರತದ ಕರಾವಳಿ ಸಮೀಪಿಸಿತೆಂದು ಸೂಚಿಸುವ ನೀರಹಾವುಗಳು, ಸೀಸದ ಗುಂಡು ಇಳಿಬಿಟ್ಟು ನೋಡಿದ ಆಳ.

ಮೇ 18, ಶುಕ್ರವಾರ, ನೆಲ ಕಾಣದೆ 23 ದಿನ ಕಳೆದ ಮೇಲೆ, ಗಾಮನವರಿಗೆ ಎತ್ತರದ ಬೆಟ್ಟಗಳು ಕಂಡವು. ಗುಂಡು 45 ಮಾರು ಆಳದಲ್ಲಿ ತಳ ಮುಟ್ಟಿತು. ಅವರು ತಲುಪಿದ್ದು ಕಲ್ಲಿಕೋಟೆಗಿಂತ ಉತ್ತರದ ದಡ; ಅಲ್ಲಿಂದ ದಕ್ಷಿಣಕ್ಕೆ ತಿರುಗಿದರು. ಮರುದಿನ ದಡದ ಹತ್ತಿರ ಬಂದಾಗ ಗುಡುಗು ಮಳೆ; ಮುಅಲ್ಲಿಮನಿಗೆ ಜಾಗ ಗುರುತಾಗಲಿಲ್ಲ. ಗುರುತಾಗಲಿಲ್ಲ ಎಂದೇ ಅವನು ಹೇಳಿದ. ಊಹೆಯ ಮೇಲೆ ಹಡಗನ್ನು ದಡಕ್ಕೆ ನುಗ್ಗಿಸಲಿಲ್ಲ. ಭಾನುವಾರ ಬೆಟ್ಟಗಳು ಸ್ಪಷ್ಟವಾದ ಮೇಲೆ, ಇವು ಕಲ್ಲಿಕೋಟೆಯ ಮೇಲಿನ ಬೆಟ್ಟಗಳು ಎಂದ. ಅಂದೇ ಲಂಗರು ಬಿತ್ತು.

ಮರುಪ್ರಯಾಣದಲ್ಲಿ ಗಾಮ ಮೌಸಿಮ್‌ಗೆ ಕಾಯಲಿಲ್ಲ. ಕಲ್ಲಿಕೋಟೆಯ ಸಾಮೂದಿರಿಯೊಡನೆ ಮನಸ್ತಾಪವಾಗಿ ಆಗಸ್ಟ್ 29ಕ್ಕೆ ಹೊರಟ. ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ರಿಪೇರಿ ಮಾಡಿಸಿ, ಅಕ್ಟೋಬರ್ 5ರಂದು ತೆರೆದ ಸಮುದ್ರಕ್ಕೆ ಇಳಿದ. ಇಂದಿನ ಲೆಕ್ಕದಲ್ಲಿ ಅದು ಅಕ್ಟೋಬರ್ 14. ಕೌಸ್ ಸತ್ತಿತ್ತು, ಅಝ್ಯಬ್ ಇನ್ನೂ ನೆಲೆಗೊಂಡಿರಲಿಲ್ಲ. ಒಂದು ದಿನ ಗಾಳಿಯೇ ಇಲ್ಲ, ಇನ್ನೊಂದು ದಿನ ಎದುರುಗಾಳಿ. ಮೂರು ತಿಂಗಳಿಗೆ ಮೂರು ದಿನ ಕಡಿಮೆ ಅವರು ನೀರಿನ ಮೇಲೆಯೇ ಇದ್ದರು. ಒಸಡು ಊದುವ ಸ್ಕರ್ವಿ ರೋಗ ಹರಡಿತು. ಪ್ರತಿ ಹಡಗಿನಲ್ಲಿ ಕೆಲಸಕ್ಕೆ ಉಳಿದವರು ಏಳೆಂಟು ಜನ. 1499ರ ಜನವರಿಯಲ್ಲಿ ಆಫ್ರಿಕಾ ತಲುಪಿದ ಮೇಲೆ, ನಡೆಸಲು ಆಳಿಲ್ಲದೆ ಸಾವ್ ರಫಾಯೆಲ್ ಎಂಬ ಹಡಗನ್ನು ತಾವೇ ಸುಟ್ಟುಹಾಕಿದರು. ನಾಲ್ಕಾರು ವಾರ ತಡೆದು ಹೊರಟಿದ್ದರೆ ಬೆನ್ನಿಗೆ ಗಾಳಿ ಸಿಗುತ್ತಿತ್ತು.

ಇನ್ನು ಆ ಮುಅಲ್ಲಿಮ್ ಯಾರು? ಇಬ್ನ್ ಮಾಜಿದರ ಹೆಸರು ಹೇಳಿದವರು ಮಕ್ಕಾದ ಇತಿಹಾಸಕಾರ ಕುತ್ಬುದ್ದೀನ್ ಅನ್ನಹ್ರವಾಲಿ; ಬರೆದದ್ದು ಘಟನೆಯ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ. ನಾವಿಕನಿಗೆ ಮದ್ಯ ಕುಡಿಸಿ ದಾರಿ ಕೇಳಿದರು ಎಂಬ ಮಾತೂ ಅಲ್ಲೇ ಇದೆ. ಪೋರ್ಚುಗೀಸ್ ಇತಿಹಾಸಕಾರರು ಹೇಳುವುದು ಬೇರೆ: ಅವನು ಗುಜರಾತಿನವನು, ಹೆಸರು ‘ಮಲೆಮೊ ಕನ’ ಅಥವಾ ‘ಕನಕ’. ಮಲೆಮೊ ಎಂದರೆ ಮುಅಲ್ಲಿಮ್. ಕನಕ ಎಂಬುದು ‘ಗಣಕ’, ಅಂದರೆ ಲೆಕ್ಕ ಬಲ್ಲವನು ಎಂಬ ಪದವಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ನಮಗೆ ಉಳಿದಿರುವುದು ಅವನ ಹೆಸರಲ್ಲ, ಅವನ ಕಸುಬಿನ ಎರಡು ಬಿರುದುಗಳು. ಒಂದು ಅರಬಿಯದು, ಒಂದು ಈ ನೆಲದ್ದು. ಇಂದು ಹೆಚ್ಚಿನ ಸಂಶೋಧಕರು ಇಬ್ನ್ ಮಾಜಿದರ ಕಥೆಯನ್ನು ಒಪ್ಪುವುದಿಲ್ಲ. ಅದರಿಂದ ಅವರ ಗೌರವಕ್ಕೆ ಕುಂದಿಲ್ಲ. ಅವರ ಗೌರವ ನಿಂತಿರುವುದು ಅವರ ಗ್ರಂಥಗಳ ಮೇಲೆ. ಕುತುಬಾಗಳಲ್ಲಿ, ಭಾಷಣಗಳಲ್ಲಿ ಅವರನ್ನು ನೆನೆಯುವಾಗ ಗಾಮನ ಕಥೆಯನ್ನು ಬಿಟ್ಟು, ನೈರೂಝಿನ ದಿನ ಎಣಿಸಿದ್ದನ್ನೂ ಜಾಹ್‌ನ ಬೆರಳು ಅಳೆದದ್ದನ್ನೂ ಹೇಳೋಣ. ಅದು ನಿಜ, ಮತ್ತು ಅಷ್ಟು ಸಾಕು.